ಪದನಾಮ, ದರ್ಜೆ ಮತ್ತು ವೇತನ ಶ್ರೇಣಿ: ಕೆಲಸಕ್ಕೆ ಸೇರುವ ಮುನ್ನ ನೇಮಕಾತಿ ಪ್ರತಿನಿಧಿಯಿಂದ ಪಡೆಯಬೇಕಾದ ವಿವರಗಳು

(ಸಾರ್ವಜನಿಕರ ಹಾಗೂ ಉದ್ಯೋಗಾಕಾಂಕ್ಷಿಗಳ ಮಾಹಿತಿಗಾಗಿ)

1. ಪೀಠಿಕೆ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಹೋಬಳಿ ಹಾಗೂ ಸುತ್ತಲಿನ ಗ್ರಾಮಗಳ ವಿದ್ಯಾವಂತ ಯುವಜನರಲ್ಲಿ ಅನೇಕರು ಅಕ್ಕಿ ಗಿರಣಿ, ಗೋದಾಮು, ಕಾರ್ಖಾನೆ ಹಾಗೂ ಕಚೇರಿಗಳ ಕೆಲಸಕ್ಕೆ ನೇಮಕಾತಿ ಏಜೆನ್ಸಿ ಅಥವಾ ಗುತ್ತಿಗೆದಾರರ ಪ್ರತಿನಿಧಿಗಳ ಮೂಲಕ ಸೇರುತ್ತಾರೆ. ಇಂತಹ ಪ್ರತಿನಿಧಿಯು ದೂರವಾಣಿಯಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಮಾತ್ರ ತಿಳಿಸುತ್ತಾನೆ: ಹುದ್ದೆಯ ಹೆಸರು ಮತ್ತು ತಿಂಗಳ ಮೊತ್ತ. ಆ ಹೆಸರಿಗೂ ದಿನನಿತ್ಯ ಮಾಡಬೇಕಾದ ಕೆಲಸಕ್ಕೂ, ಆ ಮೊತ್ತಕ್ಕೂ ಕೈಗೆ ಬರುವ ವೇತನಕ್ಕೂ ಇರುವ ಅಂತರವು ಬಹುಪಾಲು ಮೊದಲ ವೇತನದ ದಿನದಂದು ಬೆಳಕಿಗೆ ಬರುತ್ತದೆ.

ಪದನಾಮವು ಗುರುತಿನ ಚೀಟಿಯ ಮೇಲಿನ ಅಲಂಕಾರವೆಂದು ಭಾವಿಸುವುದು ಸರಿಯಲ್ಲ. "ಮೇಲ್ವಿಚಾರಕ" ಎಂಬ ಒಂದು ಪದದ ಆಧಾರದ ಮೇಲೆ ಹೆಚ್ಚುವರಿ ಅವಧಿಯ ವೇತನ, ಕೆಲಸದಿಂದ ತೆಗೆಯುವಾಗ ದೊರೆಯಬೇಕಾದ ಪರಿಹಾರ ಮತ್ತು ವಿವಾದವನ್ನು ಕಾರ್ಮಿಕ ಇಲಾಖೆಯ ಮುಂದೆ ತರುವ ಹಕ್ಕು ನಿರಾಕರಿಸಲ್ಪಡುವ ಸಂದರ್ಭಗಳಿವೆ. ಆದುದರಿಂದ ಅಭ್ಯರ್ಥಿಯು ಯಾವ ಪ್ರಶ್ನೆಗಳನ್ನು ಕೇಳಬೇಕು, ಯಾರಿಂದ ಉತ್ತರ ಪಡೆಯಬೇಕು ಹಾಗೂ ಆ ಉತ್ತರವನ್ನು ಹೇಗೆ ಪರಿಶೀಲಿಸಬೇಕು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ಮೂರು ಪದಗಳ ಅರ್ಥ

ಪದನಾಮ ಎಂದರೆ ಹುದ್ದೆಗೆ ಇಟ್ಟಿರುವ ಹೆಸರು. ಸೂಪರ್‌ವೈಸರ್, ಎಕ್ಸಿಕ್ಯೂಟಿವ್, ಆಫೀಸರ್, ಅಸಿಸ್ಟೆಂಟ್ ಮ್ಯಾನೇಜರ್ ಮುಂತಾದ ಹೆಸರುಗಳನ್ನು ಖಾಸಗಿ ಮಾಲೀಕರು ತಮ್ಮ ಇಚ್ಛೆಯಂತೆ ಇಡಬಹುದು. ಒಂದು ಸಂಸ್ಥೆಯಲ್ಲಿ "ಎಕ್ಸಿಕ್ಯೂಟಿವ್" ಎಂದರೆ ಹತ್ತು ಜನರ ಮೇಲಿನ ಅಧಿಕಾರಿಯಾಗಿರಬಹುದು, ಮತ್ತೊಂದರಲ್ಲಿ ಮನೆ ಮನೆಗೆ ಹೋಗಿ ಕಂತಿನ ಹಣ ವಸೂಲು ಮಾಡುವವನಾಗಿರಬಹುದು.

ದರ್ಜೆ ಎಂದರೆ ಆ ಸಂಸ್ಥೆಯ ಒಳಗೆ ಹುದ್ದೆಯು ಎಷ್ಟನೆಯ ಮೆಟ್ಟಿಲಿನಲ್ಲಿದೆ ಎಂಬುದು. "ಎಸ್-1", "ಇ-2" ಎಂಬಂತಹ ಸಂಕೇತಗಳಿಗೆ ಸಂಸ್ಥೆಯ ಹೊರಗೆ ಯಾವ ಅರ್ಥವೂ ಇರುವುದಿಲ್ಲ. ಅದರ ಕೆಳಗೆ ಎಷ್ಟು ದರ್ಜೆಗಳಿವೆ, ಮೇಲೆ ಎಷ್ಟಿವೆ ಎಂಬುದು ತಿಳಿದಾಗ ಮಾತ್ರ ಅದು ಮಾಹಿತಿಯಾಗುತ್ತದೆ.

ವೇತನ ಶ್ರೇಣಿ ಎಂದರೆ ಆ ದರ್ಜೆಗೆ ನಿಗದಿಯಾದ ಕನಿಷ್ಠ ಮತ್ತು ಗರಿಷ್ಠ ವೇತನ ಹಾಗೂ ನಡುವಿನ ವಾರ್ಷಿಕ ಬಡ್ತಿಗಳು. ಸರ್ಕಾರಿ ಸೇವೆಯಲ್ಲಿ ಇದು ಆದೇಶದಲ್ಲಿ ಮುದ್ರಿತವಾಗಿರುತ್ತದೆ. ಉದಾಹರಣೆಗೆ, ಕರ್ನಾಟಕ ರಾಜ್ಯ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ದ್ವಿತೀಯ ದರ್ಜೆ ಸಹಾಯಕರ ವೇತನ ಶ್ರೇಣಿಯು ರೂ. 34,100 ರಿಂದ 67,600 ಆಗಿದೆ. ಹೊರಗುತ್ತಿಗೆ ಏಜೆನ್ಸಿಯ ಮೂಲಕ ಸರ್ಕಾರಿ ಕಚೇರಿಯಲ್ಲಿ ಗಣಕಯಂತ್ರ ನಿರ್ವಾಹಕನಾಗಿ ಕೆಲಸ ಮಾಡುವವನಿಗೆ ಇಂತಹ ಶ್ರೇಣಿಯು ಅನ್ವಯಿಸುವುದಿಲ್ಲ. ಅವನಿಗೆ ದೊರೆಯುವುದು ಏಜೆನ್ಸಿಯು ನೀಡುವ ಸಂಚಿತ ವೇತನ ಮಾತ್ರ. ಆದುದರಿಂದ "ಎಸ್.ಡಿ.ಎ. ಸಮಾನ ಹುದ್ದೆ" ಎಂದು ಪ್ರತಿನಿಧಿಯು ಹೇಳಿದಲ್ಲಿ, ಸಮಾನವಾಗಿರುವುದು ಕೆಲಸವೋ ವೇತನವೋ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

3. ವಿವರಣೆಗಾಗಿ ಒಂದು ಪ್ರಕರಣ

ವಿಷಯವು ಸುಲಭವಾಗಿ ತಿಳಿಯಲೆಂದು ಈ ಕೆಳಗಿನ ಕಲ್ಪಿತ ಪ್ರಕರಣವನ್ನು ನೀಡಲಾಗಿದೆ.

ಹಚ್ಚೊಳ್ಳಿಯ ಬಿ.ಕಾಂ. ಪದವೀಧರನೊಬ್ಬನಿಗೆ ಬಳ್ಳಾರಿಯ ಏಜೆನ್ಸಿಯೊಂದರಿಂದ ಕರೆ ಬರುತ್ತದೆ. ಸುಮಾರು 40 ಜನ ದುಡಿಯುವ ಅಕ್ಕಿ ಗಿರಣಿಯಲ್ಲಿ "ಯಾರ್ಡ್ ಸೂಪರ್‌ವೈಸರ್" ಹುದ್ದೆ, ದರ್ಜೆ "ಎಸ್-1", ತಿಂಗಳಿಗೆ 25 ಸಾವಿರ, ನಾಳೆಯೇ ಬಂದು ಸೇರಬೇಕು ಎಂದು ತಿಳಿಸಲಾಗುತ್ತದೆ. ಮನೆಯವರಿಗೆ ಸಂತೋಷವಾಗುತ್ತದೆ. ಅಭ್ಯರ್ಥಿಯು ಸೇರುವ ಮುನ್ನ ಒಂದು ದಿನದ ಕಾಲಾವಕಾಶ ಪಡೆದು, ಕೆಲಸದ ವಿವರವನ್ನು ಕೇಳುತ್ತಾನೆ.

ದೊರೆತ ಉತ್ತರ ಹೀಗಿದೆ: ಭತ್ತದ ಲಾರಿ ಬಂದಾಗ ತೂಕದ ಚೀಟಿ ಬರೆಯುವುದು, ತೇವಾಂಶದ ಅಂಕಿಯನ್ನು ವಹಿಯಲ್ಲಿ ದಾಖಲಿಸುವುದು, ಹಮಾಲರು ಇಳಿಸಿದ ಚೀಲಗಳನ್ನು ಎಣಿಸಿ ತಾಳೆ ನೋಡುವುದು, ಗೇಟ್ ಪಾಸ್ ಕೊಡುವುದು, ಜನ ಕಡಿಮೆಯಾದ ದಿನ ಚೀಲ ಹೊಲಿಯುವಲ್ಲಿ ನೆರವಾಗುವುದು. ಹಮಾಲರಿಗೆ ಕೆಲಸ ಹಂಚುವವನು ಮೇಸ್ತ್ರಿ. ರಜೆ ಮಂಜೂರು ಮಾಡುವವರು ಗಿರಣಿಯ ವ್ಯವಸ್ಥಾಪಕರು. ಸುಗ್ಗಿಯಲ್ಲಿ ದಿನಕ್ಕೆ 10 ಗಂಟೆ ಇರಬೇಕಾಗುತ್ತದೆ. ಸೂಪರ್‌ವೈಸರ್‌ಗಳಿಗೆ ಓವರ್‌ಟೈಮ್ ಇಲ್ಲ.

ಈ ಉತ್ತರದಲ್ಲಿ ಮೇಲ್ವಿಚಾರಣೆಯ ಒಂದು ಅಂಶವೂ ಇಲ್ಲವೆಂಬುದನ್ನು ಗಮನಿಸಬೇಕು. ಹೇಳಿರುವ ಕೆಲಸಗಳು ಗುಮಾಸ್ತಿಕೆಯವು, ಕೆಲವೊಮ್ಮೆ ಮೈಕೆಲಸ. ಹೆಸರು ಮಾತ್ರ ಮೇಲ್ವಿಚಾರಕನದು.

4. ಹೆಸರಿನಿಂದ ಆಗುವ ವ್ಯತ್ಯಾಸ

ದೇಶದಲ್ಲಿ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇವುಗಳಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ ಕೂಲಿ ಅಥವಾ ಸಂಬಳಕ್ಕಾಗಿ ಮೈಕೆಲಸ, ಕುಶಲ, ಅಕುಶಲ, ತಾಂತ್ರಿಕ, ಗುಮಾಸ್ತಿಕೆ ಅಥವಾ ಮೇಲ್ವಿಚಾರಣೆಯ ಕೆಲಸ ಮಾಡುವವನು "ಕೆಲಸಗಾರ"ನಾಗುತ್ತಾನೆ. ಆದರೆ ಮುಖ್ಯವಾಗಿ ವ್ಯವಸ್ಥಾಪನೆ ಅಥವಾ ಆಡಳಿತದ ಕೆಲಸ ಮಾಡುವವನು ಕೆಲಸಗಾರನಲ್ಲ. ಅದೇ ರೀತಿ ಮೇಲ್ವಿಚಾರಕನ ಸ್ಥಾನದಲ್ಲಿದ್ದು ತಿಂಗಳಿಗೆ ರೂ. 18,000 ಮೀರಿದ ವೇತನ ಪಡೆಯುವವನೂ ಕೆಲಸಗಾರನಲ್ಲ. ಹಿಂದಿನ ಕೈಗಾರಿಕಾ ವಿವಾದಗಳ ಕಾಯ್ದೆ, 1947ರಲ್ಲಿ ಈ ಮಿತಿಯು 2010ರ ತಿದ್ದುಪಡಿಯ ನಂತರ ರೂ. 10,000 ಆಗಿತ್ತು.

ಗುಮಾಸ್ತನ ವೇತನಕ್ಕೆ ಇಂತಹ ಮಿತಿ ಇಲ್ಲವೆಂಬುದು ಇಲ್ಲಿ ಮುಖ್ಯ. ರೂ. 20,000 ವೇತನ ಪಡೆಯುವ ಗುಮಾಸ್ತನು ಕೆಲಸಗಾರ; ಅದೇ ರೂ. 20,000 ಪಡೆಯುವ ನಿಜವಾದ ಮೇಲ್ವಿಚಾರಕನು ಕೆಲಸಗಾರನಲ್ಲ. ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕೆಲಸಗಾರನನ್ನು ಹೆಚ್ಚುವರಿಯೆಂದು ತೆಗೆಯುವಾಗ ಒಂದು ತಿಂಗಳ ನೋಟಿಸು ಅಥವಾ ಅದಕ್ಕೆ ಬದಲಾಗಿ ವೇತನ, ಮತ್ತು ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕಾಗುತ್ತದೆ. ಕೆಲಸಗಾರನಲ್ಲದವನು ತನ್ನ ನೇಮಕಾತಿ ಪತ್ರದ ಷರತ್ತುಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಹೆಚ್ಚುವರಿ ಅವಧಿಯ ವೇತನದಲ್ಲಿ ಈ ವ್ಯತ್ಯಾಸವು ಇನ್ನೂ ಬೇಗನೆ ಕಾಣಿಸಿಕೊಳ್ಳುತ್ತದೆ. ವಿದ್ಯುತ್ ಬಳಸಿ 20 ಅಥವಾ ಹೆಚ್ಚು ಕೆಲಸಗಾರರಿಂದ ನಡೆಯುವ ಕಾರ್ಖಾನೆಯಲ್ಲಿ, ದಿನಕ್ಕೆ 8 ಗಂಟೆಗಳ ಮಿತಿ ಮೀರಿ ದುಡಿದ ಅವಧಿಗೆ ಕೆಲಸಗಾರನಿಗೆ ದುಪ್ಪಟ್ಟು ದರದ ವೇತನ ಸಲ್ಲಬೇಕು. ಮೇಲಿನ ಪ್ರಕರಣದ ಅಭ್ಯರ್ಥಿಯ ಮಾಸಿಕ ವೇತನ ರೂ. 20,000 ಎಂದಿಟ್ಟುಕೊಂಡು, 26 ದಿನ ಮತ್ತು 8 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಸುಮಾರು ರೂ. 96 ಆಗುತ್ತದೆ. ಸುಗ್ಗಿಯ ತಿಂಗಳಲ್ಲಿ ದಿನಕ್ಕೆ 2 ಗಂಟೆಯಂತೆ 26 ದಿನಕ್ಕೆ 52 ಗಂಟೆ ಹೆಚ್ಚು ದುಡಿದಲ್ಲಿ, ದುಪ್ಪಟ್ಟು ದರದಲ್ಲಿ ಅದರ ಮೊತ್ತ ರೂ. 10,000. ಒಂದು ತಿಂಗಳ ವೇತನದ ಅರ್ಧದಷ್ಟಾಗುವ ಈ ಹಣವನ್ನು "ಸೂಪರ್‌ವೈಸರ್‌ಗಳಿಗೆ ಓವರ್‌ಟೈಮ್ ಇಲ್ಲ" ಎಂಬ ಒಂದು ವಾಕ್ಯದಿಂದ ತಡೆಹಿಡಿಯಲಾಗುತ್ತದೆ.

5. ಕಾನೂನು ನೋಡುವುದು ಕೆಲಸವನ್ನು

ವಿವಾದವು ನ್ಯಾಯಾಲಯದ ಮುಂದೆ ಬಂದಾಗ ಪದನಾಮವೇ ತೀರ್ಮಾನವಾಗುವುದಿಲ್ಲ. ಅರ್ಕಲ್ ಗೋವಿಂದರಾಜ ರಾವ್ ವಿರುದ್ಧ ಸೀಬಾ ಗೈಗಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಒಬ್ಬ ನೌಕರನು ಹಲವು ಬಗೆಯ ಕೆಲಸಗಳನ್ನು ಮಾಡುತ್ತಿದ್ದರೆ, ಅವುಗಳಲ್ಲಿ ಮೂಲಭೂತವಾದ, ಪ್ರಧಾನವಾದ ಕೆಲಸ ಯಾವುದು ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಪ್ರಾಸಂಗಿಕವಾಗಿ ಮಾಡುವ ಇತರ ಕೆಲಸಗಳಿಂದ ಅವನ ಸ್ಥಾನಮಾನವು ಬದಲಾಗುವುದಿಲ್ಲ ಎಂಬುದು ತೀರ್ಪಿನ ಸಾರ. ಆ ನೌಕರನನ್ನು ಕೆಲಸಗಾರನೆಂದೇ ನ್ಯಾಯಾಲಯವು ಪರಿಗಣಿಸಿತು.

ಇದೇ ಅಳತೆಗೋಲು ನೌಕರನ ವಿರುದ್ಧವೂ ಅನ್ವಯಿಸಬಹುದು. ಎಸ್.ಕೆ. ಮೈನಿ ವಿರುದ್ಧ ಕರೋನಾ ಸಾಹು ಪ್ರಕರಣದಲ್ಲಿ (1994) ಅಂಗಡಿಯೊಂದರ ವ್ಯವಸ್ಥಾಪಕನು ಕೆಲವು ಗುಮಾಸ್ತಿಕೆಯ ಕೆಲಸಗಳನ್ನೂ ಮಾಡುತ್ತಿದ್ದನಾದರೂ, ಅವನ ಪ್ರಧಾನ ಕೆಲಸವು ವ್ಯವಸ್ಥಾಪನೆಯೇ ಆಗಿದ್ದುದರಿಂದ ಅವನು ಕೆಲಸಗಾರನಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ಈ ಎರಡು ತೀರ್ಪುಗಳಿಂದ ಅಭ್ಯರ್ಥಿಯು ತಿಳಿಯಬೇಕಾದುದು ಇಷ್ಟೆ: ಹೆಸರು ದೊಡ್ಡದಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಆದರೆ ನಿಜವಾದ ಕೆಲಸ ಯಾವುದಾಗಿತ್ತು ಎಂಬುದನ್ನು ತೋರಿಸಲು ದಾಖಲೆ ಬೇಕು. ಆ ದಾಖಲೆ ವಿವಾದ ಹುಟ್ಟಿದ ಮೇಲೆ ದೊರೆಯುವುದು ಕಷ್ಟ. ಸೇರುವ ಮುನ್ನ, ಪ್ರತಿನಿಧಿಗೆ ಅಭ್ಯರ್ಥಿಯು ಬೇಕಾಗಿರುವಾಗ ಅದು ಸುಲಭವಾಗಿ ದೊರೆಯುತ್ತದೆ.

6. ಕೇಳಬೇಕಾದ ಪ್ರಶ್ನೆಗಳು

ಪ್ರತಿನಿಧಿಯನ್ನು "ಹುದ್ದೆ ಸರಿಯಾಗಿದೆಯೇ?" ಎಂದು ಕೇಳಿದರೆ "ಸರಿಯಾಗಿದೆ" ಎಂಬ ಉತ್ತರವೇ ಬರುತ್ತದೆ. ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸಲಾಗದ ಪ್ರಶ್ನೆಗಳನ್ನು ಕೇಳತಕ್ಕದ್ದು. ಅವುಗಳನ್ನು ನಾಲ್ಕು ಗುಂಪುಗಳಲ್ಲಿ ನೀಡಲಾಗಿದೆ.

(ಅ) ಕೆಲಸದ ಬಗ್ಗೆ: ಬೆಳಿಗ್ಗೆ ಬಂದಾಗಿನಿಂದ ಸಂಜೆಯವರೆಗೆ ಮಾಡಬೇಕಾದ ಕೆಲಸಗಳು ಯಾವುವು? ಯಾವುದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ? ಈ ಹುದ್ದೆಯಲ್ಲಿ ಹಿಂದೆ ಇದ್ದವರು ಏನು ಮಾಡುತ್ತಿದ್ದರು?

(ಆ) ಅಧಿಕಾರದ ಬಗ್ಗೆ: ಈ ಹುದ್ದೆಯ ಕೈಕೆಳಗೆ ಎಷ್ಟು ಜನರಿದ್ದಾರೆ? ಅವರಿಗೆ ಕೆಲಸ ಹಂಚುವವರು ಯಾರು? ಅವರ ರಜೆಗೆ ಯಾರ ಸಹಿ ಬೇಕು? ಅವರ ತಪ್ಪಿನ ಬಗ್ಗೆ ವರದಿ ಮಾಡುವವರು ಯಾರು? ಈ ನಾಲ್ಕಕ್ಕೂ ಬೇರೆಯವರ ಹೆಸರು ಬಂದಲ್ಲಿ ಹುದ್ದೆಯು ಮೇಲ್ವಿಚಾರಕನದಲ್ಲ.

(ಇ) ದರ್ಜೆಯ ಬಗ್ಗೆ: ಈ ದರ್ಜೆಯ ಕೆಳಗೆ ಮತ್ತು ಮೇಲೆ ಯಾವ ದರ್ಜೆಗಳಿವೆ? ಇದರ ಕನಿಷ್ಠ ಮತ್ತು ಗರಿಷ್ಠ ವೇತನ ಎಷ್ಟು? ಈಗ ಹೇಳಿರುವ ವೇತನವು ಅವುಗಳ ನಡುವೆ ಎಲ್ಲಿ ಬರುತ್ತದೆ? ವಾರ್ಷಿಕ ಬಡ್ತಿ ಯಾವ ತಿಂಗಳಿನಲ್ಲಿ? ಶ್ರೇಣಿಯ ಗರಿಷ್ಠದಲ್ಲಿಯೇ ನೇಮಕ ಮಾಡಿದಲ್ಲಿ ಮುಂದಿನ ಬಡ್ತಿಗೆ ಅವಕಾಶವಿರುವುದಿಲ್ಲ. ಕನಿಷ್ಠದಲ್ಲಿ ನೇಮಕ ಮಾಡಿದಲ್ಲಿ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ತಿಳಿಯಬಹುದು.

(ಈ) ಮಾಲೀಕನ ಬಗ್ಗೆ: ನೇಮಕಾತಿ ಪತ್ರಕ್ಕೆ ಸಹಿ ಮಾಡುವವರು ಕೆಲಸ ನಡೆಯುವ ಸಂಸ್ಥೆಯವರೋ, ಗುತ್ತಿಗೆದಾರರೋ? ನೇಮಕವು ನಿಶ್ಚಿತ ಅವಧಿಗೋ, ಖಾಯಂ ಆಗಿಯೋ? ಭವಿಷ್ಯ ನಿಧಿಯು ಯಾರ ಹೆಸರಿನಲ್ಲಿ ಜಮೆಯಾಗುತ್ತದೆ?

7. ಒಂದೇ ವ್ಯಕ್ತಿಗೆ ಎರಡು ಹೆಸರು

ಕೆಲವು ಕಡೆ ಗುರುತಿನ ಚೀಟಿಯಲ್ಲಿ ಒಂದು ಪದನಾಮವೂ ಹಾಜರಾತಿ ಮತ್ತು ವೇತನ ವಹಿಯಲ್ಲಿ ಮತ್ತೊಂದೂ ಇರುತ್ತದೆ. ಓವರ್‌ಟೈಮ್ ಕೇಳಿದಾಗ ಅವನು ಸೂಪರ್‌ವೈಸರ್. ಕನಿಷ್ಠ ವೇತನದ ಲೆಕ್ಕ ಬಂದಾಗ ಅವನು ಅಕುಶಲ ಸಹಾಯಕ. ಹೆಸರು ಮೇಲೇರಿದಾಗಲೂ ಕೆಳಗಿಳಿದಾಗಲೂ ನಷ್ಟವಾಗುವುದು ನೌಕರನಿಗೇ.

ರಾಜ್ಯದ ಕನಿಷ್ಠ ವೇತನ ಅಧಿಸೂಚನೆಗಳಲ್ಲಿ ಕೆಲಸಗಳನ್ನು ಅತಿ ಕುಶಲ, ಕುಶಲ, ಅರೆ ಕುಶಲ ಮತ್ತು ಅಕುಶಲ ಎಂಬ ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗಕ್ಕೂ ದರ ನಿಗದಿಪಡಿಸಲಾಗುತ್ತದೆ. ತುಟ್ಟಿಭತ್ಯೆಯು ಏಪ್ರಿಲ್ 1ರಿಂದ ಪರಿಷ್ಕೃತವಾಗುತ್ತದೆ. ಕನಿಷ್ಠ ವೇತನ ಕಾಯ್ದೆ, 1948ರ ಅನುಸೂಚಿಯಲ್ಲಿ ಅಕ್ಕಿ, ಹಿಟ್ಟು ಮತ್ತು ಬೇಳೆ ಗಿರಣಿಗಳ ಉದ್ಯೋಗವು ಮೊದಲಿನಿಂದಲೂ ಸೇರಿತ್ತು. ಈಗ ಜಾರಿಯಲ್ಲಿರುವ ವೇತನ ಸಂಹಿತೆ, 2019ರ ಪ್ರಕಾರ ಕನಿಷ್ಠ ವೇತನವು ಅನುಸೂಚಿತ ಉದ್ಯೋಗಗಳಿಗಷ್ಟೇ ಸೀಮಿತವಾಗಿಲ್ಲ. ಮತ್ತು ಅದರ ರಕ್ಷಣೆಯು ಮೇಲ್ವಿಚಾರಕನಿಗೂ ಇದೆ. ಸಂಹಿತೆಗೆ ವಿರುದ್ಧವಲ್ಲದ ಹಿಂದಿನ ಅಧಿಸೂಚನೆಗಳು ಮುಂದುವರಿಯುತ್ತವೆ.

ಆದುದರಿಂದ ಪ್ರತಿನಿಧಿಯನ್ನು ಕೇಳಬೇಕಾದ ಮತ್ತೊಂದು ಪ್ರಶ್ನೆ: "ಕನಿಷ್ಠ ವೇತನದ ಯಾವ ವರ್ಗದಲ್ಲಿ ಈ ಹುದ್ದೆಯನ್ನು ತೋರಿಸಲಾಗುತ್ತದೆ?" ಸೂಪರ್‌ವೈಸರ್ ಎಂದು ಕರೆದ ಹುದ್ದೆಗೆ "ಅಕುಶಲ" ಎಂಬ ಉತ್ತರ ಬಂದಲ್ಲಿ, ಎರಡರಲ್ಲಿ ಒಂದು ಸುಳ್ಳೆಂಬುದು ಅಲ್ಲಿಯೇ ತಿಳಿಯುತ್ತದೆ.

8. ಹೇಳಿದ ಮೊತ್ತ ಮತ್ತು ಕೈಗೆ ಬರುವ ಮೊತ್ತ

ಪ್ರತಿನಿಧಿಯು ಹೇಳುವ ಮೊತ್ತವು ಬಹುತೇಕ ಸಿ.ಟಿ.ಸಿ., ಅಂದರೆ ನೌಕರನಿಗಾಗಿ ಮಾಲೀಕನು ಮಾಡುವ ಒಟ್ಟು ವೆಚ್ಚ. ಅದರಲ್ಲಿ ವೇತನದ ಜೊತೆಗೆ ಮಾಲೀಕನ ಪಾಲಿನ ವಂತಿಗೆಗಳೂ ಸೇರಿರುತ್ತವೆ. ಮೇಲಿನ ಪ್ರಕರಣದಲ್ಲಿ "25 ಸಾವಿರ" ಎಂಬುದನ್ನು ಬಿಡಿಸಿ ಕೇಳಿದಾಗ ಈ ಕೆಳಕಂಡ ವಿವರ ದೊರೆಯುತ್ತದೆ:

ಮೂಲ ವೇತನ ಮತ್ತು ತುಟ್ಟಿಭತ್ಯೆ: ರೂ. 20,000
ಭವಿಷ್ಯ ನಿಧಿಗೆ ಮಾಲೀಕನ ಪಾಲು (ರೂ. 15,000ದ ಮೇಲೆ ಶೇ. 12): ರೂ. 1,800
ಇ.ಎಸ್.ಐ. ಮಾಲೀಕನ ಪಾಲು (ಶೇ. 3.25): ರೂ. 650
ಉಪದಾನಕ್ಕಾಗಿ ತೆಗೆದಿರಿಸಿದ್ದು (ಶೇ. 4.81): ರೂ. 962
ಬೋನಸ್‌ಗಾಗಿ ತೆಗೆದಿರಿಸಿದ್ದು (ಶೇ. 8.33): ರೂ. 1,666
ಒಟ್ಟು: ರೂ. 25,078

ವೇತನವಾದ ರೂ. 20,000ದಲ್ಲಿ ನೌಕರನ ಪಾಲಿನ ಭವಿಷ್ಯ ನಿಧಿ ರೂ. 1,800 ಹಾಗೂ ಇ.ಎಸ್.ಐ. (ಶೇ. 0.75) ರೂ. 150 ಕಡಿತವಾಗುತ್ತದೆ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳಿಗೆ ರೂ. 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲದಿರುವುದರಿಂದ ಆ ಕಡಿತ ಬರುವುದಿಲ್ಲ. ಕೈಗೆ ಬರುವ ಮೊತ್ತ ರೂ. 18,050.

ಇದರಲ್ಲಿ ಮೋಸವಿದೆ ಎಂದು ಭಾವಿಸಬೇಕಾಗಿಲ್ಲ. ಭವಿಷ್ಯ ನಿಧಿಯ ಎರಡೂ ಪಾಲು ನೌಕರನದೇ. ಆದರೆ ಉಪದಾನವು ಸಾಮಾನ್ಯವಾಗಿ ಐದು ವರ್ಷದ ಸೇವೆಯ ನಂತರ ದೊರೆಯುವಂಥದು (ನಿಶ್ಚಿತ ಅವಧಿಯ ನೌಕರರಿಗೆ ಈಗ ಒಂದು ವರ್ಷದ ಸೇವೆ ಸಾಕು). ಎರಡು ವರ್ಷಕ್ಕೆ ಬಿಟ್ಟುಹೋಗುವ ಖಾಯಂ ನೌಕರನಿಗೆ ಅದು ಕಾಗದದ ಮೇಲಿನ ಮೊತ್ತ ಮಾತ್ರ. ಎರಡು ಕೆಲಸಗಳನ್ನು ಹೋಲಿಸುವಾಗ ಸಿ.ಟಿ.ಸಿ.ಯನ್ನು ಸಿ.ಟಿ.ಸಿ.ಯೊಡನೆ, ಮೂಲ ವೇತನವನ್ನು ಮೂಲ ವೇತನದೊಡನೆ ಹೋಲಿಸತಕ್ಕದ್ದು. ಕಂಡಿಕೆ 4ರ ರೂ. 18,000ದ ಮಿತಿಯನ್ನು ಲೆಕ್ಕ ಹಾಕುವಾಗಲೂ ಸಿ.ಟಿ.ಸಿ.ಯನ್ನಲ್ಲ, ವೇತನವನ್ನು ಪರಿಗಣಿಸಬೇಕು.

9. ಉತ್ತರವನ್ನು ಲಿಖಿತವಾಗಿ ಪಡೆಯುವುದು

ದೂರವಾಣಿಯ ಮಾತು ದಾಖಲೆಯಾಗುವುದಿಲ್ಲ. ಮಾತುಕತೆ ಮುಗಿದ ದಿನವೇ ಅಭ್ಯರ್ಥಿಯು ತಾನು ತಿಳಿದುಕೊಂಡ ವಿವರವನ್ನು ಇ-ಮೇಲ್ ಅಥವಾ ಸಂದೇಶದ ಮೂಲಕ ಪ್ರತಿನಿಧಿಗೆ ಕಳುಹಿಸಿ ದೃಢೀಕರಣ ಕೋರುವುದು ಸೂಕ್ತ. ಪತ್ರದಲ್ಲಿ ಆಪಾದನೆಯ ಧ್ವನಿ ಇರಬಾರದು. ಮಾದರಿ ಹೀಗಿದೆ:

"ಮಾನ್ಯರೇ,
ಯಾರ್ಡ್ ಸೂಪರ್‌ವೈಸರ್ ಹುದ್ದೆಯ ಬಗ್ಗೆ ಈ ದಿನ ತಾವು ತಿಳಿಸಿದ ವಿವರಗಳಿಗಾಗಿ ವಂದನೆಗಳು. ನಾನು ತಿಳಿದುಕೊಂಡಂತೆ ಕೆಲಸವು ಲಾರಿಗಳ ತೂಕ ಮತ್ತು ತೇವಾಂಶ ದಾಖಲಿಸುವುದು, ಚೀಲಗಳ ತಾಳೆ ಮತ್ತು ಗೇಟ್ ಪಾಸ್ ನೀಡುವುದಾಗಿದೆ. ಕೆಲಸ ಹಂಚುವ ಮತ್ತು ರಜೆ ಮಂಜೂರು ಮಾಡುವ ಅಧಿಕಾರ ಈ ಹುದ್ದೆಗೆ ಇಲ್ಲ. ಮಾಸಿಕ ವೇತನ ರೂ. 20,000; ಸಿ.ಟಿ.ಸಿ. ರೂ. 25,078.
ಹುದ್ದೆಯ ದರ್ಜೆ ಎಸ್-1ರ ಕನಿಷ್ಠ ಹಾಗೂ ಗರಿಷ್ಠ ವೇತನ, ಕನಿಷ್ಠ ವೇತನದ ವರ್ಗ, ಮತ್ತು 8 ಗಂಟೆ ಮೀರಿದ ಕೆಲಸಕ್ಕೆ ನೀಡುವ ವೇತನವನ್ನು ದಯವಿಟ್ಟು ತಿಳಿಸಬೇಕು. ಕೆಲಸಕ್ಕೆ ಹೊಂದುವ ಪದನಾಮವನ್ನು ನೇಮಕಾತಿ ಪತ್ರದಲ್ಲಿ ನಮೂದಿಸಬೇಕೆಂದು ಕೋರುತ್ತೇನೆ.
ತಮ್ಮ ವಿಶ್ವಾಸಿ,"

ಇಂತಹ ಪತ್ರಕ್ಕೆ ಉತ್ತರ ಬಾರದಿದ್ದರೂ, ಅದನ್ನು ಕಳುಹಿಸಿದ ದಿನಾಂಕ ಮತ್ತು ಅದರಲ್ಲಿನ ಕೆಲಸದ ವಿವರ ಮುಂದೆ ಉಪಯೋಗಕ್ಕೆ ಬರುತ್ತದೆ.

ಆದರೆ ಪ್ರತಿನಿಧಿಯ ಉತ್ತರವೊಂದೇ ಸಾಲದು. ಅವನು ಮಾಲೀಕನಲ್ಲ. ಅನೇಕ ನೇಮಕಾತಿ ಪತ್ರಗಳಲ್ಲಿ ಹಿಂದಿನ ಎಲ್ಲ ಮಾತುಕತೆಗಳ ಬದಲಿಗೆ ಈ ಪತ್ರವೇ ಅಂತಿಮ ಎಂಬ ಷರತ್ತು ಇರುತ್ತದೆ. ಆದುದರಿಂದ ಹೇಳಿದ ಮಾತು ನೇಮಕಾತಿ ಪತ್ರದಲ್ಲಿ ಬಂದಿದೆಯೇ ಎಂದು ಸಹಿ ಮಾಡುವ ಮುನ್ನ ನೋಡತಕ್ಕದ್ದು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರ ಪ್ರಕಾರ, ಅದು ಅನ್ವಯಿಸುವ ಸಂಸ್ಥೆಯ ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ನೀಡುವುದು ಮಾಲೀಕನ ಕರ್ತವ್ಯ. ಕೇಂದ್ರ ಸರ್ಕಾರವು 2020ರಲ್ಲಿ ಪ್ರಕಟಿಸಿದ ಕರಡು ನಿಯಮಗಳ ನಮೂನೆಯಲ್ಲಿ ಪದನಾಮ, ಕೌಶಲದ ವರ್ಗ, ವೇತನ ಮತ್ತು ಕರ್ತವ್ಯಗಳ ಸ್ಥೂಲ ಸ್ವರೂಪ ಎಂಬ ಕಲಂಗಳು ಇದ್ದವು. ಪತ್ರದಲ್ಲಿ ಈ ನಾಲ್ಕೂ ಇದ್ದಲ್ಲಿ ಅಭ್ಯರ್ಥಿಯ ಮುಖ್ಯ ಪ್ರಶ್ನೆಗಳಿಗೆ ಉತ್ತರ ದೊರೆತಂತೆ.

10. ಉತ್ತರವನ್ನು ಅರ್ಥೈಸುವುದು

"ಹೆಸರಿಗೆ ಮಾತ್ರ ಸೂಪರ್‌ವೈಸರ್, ಕೆಲಸ ಹಗುರ" ಎಂಬ ಉತ್ತರವು ಅಭ್ಯರ್ಥಿಗೆ ಉಪಯುಕ್ತವಾದ ಒಪ್ಪಿಗೆ. ಅದನ್ನೇ ಲಿಖಿತವಾಗಿ ಕೇಳಬೇಕು. "ಮೊದಲು ಸೇರಿ, ಲೆಟರ್ ಆಮೇಲೆ ಬರುತ್ತದೆ" ಎಂದಾಗ, ಪತ್ರ ಬರುವ ದಿನಾಂಕವನ್ನು ಮತ್ತು ಅದಕ್ಕೆ ಸಹಿ ಮಾಡುವವರ ಹೆಸರನ್ನು ಕೇಳಬೇಕು. ಎರಡಕ್ಕೂ ಉತ್ತರವಿಲ್ಲದಿದ್ದಲ್ಲಿ ಇರುವ ಕೆಲಸವನ್ನು ಬಿಟ್ಟು ಹೊರಡುವುದು ಸೂಕ್ತವಲ್ಲ.

"ದರ್ಜೆಗಳ ಪಟ್ಟಿ ಗೌಪ್ಯ" ಎಂಬ ಉತ್ತರವೂ ಬರಬಹುದು. ಖಾಸಗಿ ಮಾಲೀಕನು ತನ್ನ ಸಂಪೂರ್ಣ ವೇತನ ಶ್ರೇಣಿಯನ್ನು ಅಭ್ಯರ್ಥಿಗೆ ತೋರಿಸಲೇಬೇಕೆಂಬ ನಿಯಮವಿಲ್ಲ. ಹಾಗೆ ನಿರಾಕರಿಸುವುದು ಅಪರಾಧವೂ ಅಲ್ಲ. ಅಂತಹ ಸಂದರ್ಭದಲ್ಲಿ ಪಟ್ಟಿಯನ್ನು ಬಿಟ್ಟು, ತನ್ನ ದರ್ಜೆಯ ಗರಿಷ್ಠ ವೇತನ ಎಷ್ಟು ಎಂಬ ಒಂದೇ ಪ್ರಶ್ನೆಯನ್ನು ಉಳಿಸಿಕೊಳ್ಳಬಹುದು.

ಮೇಲಿನ ಪ್ರಕರಣದಲ್ಲಿ ಏಜೆನ್ಸಿಯು ಎರಡು ದಿನಗಳ ನಂತರ ಪದನಾಮವನ್ನು "ಯಾರ್ಡ್ ಕ್ಲರ್ಕ್" ಎಂದು ಬದಲಾಯಿಸಿ, ವೇತನವನ್ನು ಮೊದಲಿನಂತೆಯೇ ಉಳಿಸಿ ಪತ್ರ ನೀಡಿತೆಂದು ಭಾವಿಸೋಣ. ಹೆಸರು ಚಿಕ್ಕದಾಯಿತೆಂದು ಮನೆಯವರಿಗೆ ಬೇಸರವಾಗಬಹುದು. ಆದರೆ ಆ ಹೆಸರಿನಿಂದ ಸುಗ್ಗಿಯ ತಿಂಗಳ ಹೆಚ್ಚುವರಿ ಅವಧಿಯ ವೇತನವನ್ನು ಕೇಳುವ ದಾರಿ ನಿರ್ವಿವಾದವಾಗಿ ಉಳಿಯುತ್ತದೆ. ಇದಕ್ಕೆ ಬದಲಾಗಿ ಅಭ್ಯರ್ಥಿಯು ಮುಂದಿನ ಉದ್ಯೋಗಕ್ಕಾಗಿ ಮೇಲ್ವಿಚಾರಣೆಯ ಅನುಭವವನ್ನೇ ಬಯಸಿದಲ್ಲಿ, ಹೆಸರಿನ ಜೊತೆಗೆ ಆ ಅಧಿಕಾರವನ್ನೂ ಪತ್ರದಲ್ಲಿ ಕೇಳಿ ಪಡೆಯಬೇಕು. ಅಧಿಕಾರವಿಲ್ಲದ ಪದನಾಮವು ಮುಂದಿನ ಸಂದರ್ಶನದಲ್ಲಿ "ಎಷ್ಟು ಜನ ನಿಮ್ಮ ಕೈಕೆಳಗಿದ್ದರು?" ಎಂಬ ಮೊದಲ ಪ್ರಶ್ನೆಗೇ ನಿಲ್ಲುವುದಿಲ್ಲ.

11. ಸೇರಿದ ಮೇಲೆ ಪರಿಶೀಲನೆ

ಮೊದಲ ತಿಂಗಳ ವೇತನ ಚೀಟಿಯಲ್ಲಿನ ಪದನಾಮ ಮತ್ತು ಮೂಲ ವೇತನವನ್ನು ನೇಮಕಾತಿ ಪತ್ರದೊಡನೆ ತಾಳೆ ನೋಡತಕ್ಕದ್ದು. ಭವಿಷ್ಯ ನಿಧಿಯ ಪಾಸ್‌ಬುಕ್ಕನ್ನು ಯು.ಎ.ಎನ್. ಸಂಖ್ಯೆಯ ಮೂಲಕ ನೋಡಿದಾಗ ವಂತಿಗೆ ಕಟ್ಟಿದ ಸಂಸ್ಥೆಯ ಹೆಸರು ತಿಳಿಯುತ್ತದೆ. ನಿಜವಾದ ಮಾಲೀಕನು ಯಾರೆಂಬುದನ್ನು ಕಂಡುಕೊಳ್ಳಲು ಇದು ಸುಲಭವಾದ ಕ್ರಮ. ಬರೆದ ತೂಕದ ಚೀಟಿ, ಹಾಕಿದ ಪಾಳಿ ಮತ್ತು ಹೆಚ್ಚು ದುಡಿದ ಗಂಟೆಗಳನ್ನು ದಿನಾಂಕ ಸಹಿತ ಸ್ವಂತ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದರಿಂದ ಪ್ರಧಾನ ಕೆಲಸ ಯಾವುದೆಂಬುದಕ್ಕೆ ಆಧಾರ ದೊರೆಯುತ್ತದೆ. ಗಿರಣಿಯ ವ್ಯವಹಾರದ ಕಾಗದಗಳನ್ನು ಅನುಮತಿಯಿಲ್ಲದೆ ಹೊರಗೆ ಒಯ್ಯಬಾರದು.

12. ಎಲ್ಲಿ ವಿಚಾರಿಸಬೇಕು

ಕನಿಷ್ಠ ವೇತನದ ವರ್ಗ ಹಾಗೂ ಚಾಲ್ತಿಯಲ್ಲಿರುವ ದರ, ನೇಮಕಾತಿ ಪತ್ರ ನೀಡದಿರುವುದು ಮತ್ತು ಹೆಚ್ಚುವರಿ ಅವಧಿಯ ವೇತನದ ಬಗ್ಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು ಅಥವಾ ಬಳ್ಳಾರಿಯ ಕಾರ್ಮಿಕ ಅಧಿಕಾರಿಯವರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ನಾಡಕಚೇರಿಯಲ್ಲಿ ಈ ವಿಷಯದ ಅರ್ಜಿಗಳನ್ನು ಇತ್ಯರ್ಥಪಡಿಸುವುದಿಲ್ಲ. ಹೋಗುವಾಗ ನೇಮಕಾತಿ ಪತ್ರ, ಗುರುತಿನ ಚೀಟಿ, ವೇತನ ಚೀಟಿಗಳು ಹಾಗೂ ಪ್ರತಿನಿಧಿಗೆ ಕಳುಹಿಸಿದ ಪತ್ರದ ಪ್ರತಿಯನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ಪದನಾಮವು ಒಂದಕ್ಕೊಂದು ಹೊಂದದಿದ್ದಲ್ಲಿ ಆ ಕಾಗದಗಳನ್ನು ಮೊದಲು ತೋರಿಸಿ, ನಂತರ ಕೆಲಸದ ವಿವರವನ್ನು ತಿಳಿಸುವುದು.